ಮನೆಯ ಔಷಧಿ ಡಬ್ಬಿ: ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಎಸೆಯಬೇಕು, ಏನನ್ನು ಮತ್ತೆ ತರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಔಷಧಿ ಅಂಗಡಿ ನಡೆಸುವ ನನ್ನ ಮುಂದೆ ಹೆಚ್ಚಾಗಿ ಬರುವ ಪ್ರಶ್ನೆಗಳು ಇವು. ಬಹುಪಾಲು ಪ್ರಶ್ನೆಗಳು ಬೇಸಿಗೆ ಶುರುವಾಗುವ ಹೊತ್ತಿಗೆ, ಮನೆಯ ಕಪಾಟು ಸ್ವಚ್ಛ ಮಾಡಿದವರಿಂದ ಬರುತ್ತವೆ.

ಸ್ಟ್ರಿಪ್ ಮೇಲೆ ‘ಎಕ್ಸ್‌ಪೈರಿ 05/2026’ ಎಂದಿದೆ. ಮೇ 1ಕ್ಕೆ ಮುಗಿಯಿತೋ, ಮೇ 31ಕ್ಕೋ?

ಮೇ 31ಕ್ಕೆ. ನಮ್ಮ ದೇಶದ ಔಷಧಿ ನಿಯಮಗಳ ಪ್ರಕಾರ, ತಿಂಗಳು ಮತ್ತು ವರ್ಷ ಮಾತ್ರ ಮುದ್ರಿಸಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಜೂನ್ 1ರಿಂದ ಅದು ಡೇಟ್ ಬಾರ್.

ದಿನಾಂಕವನ್ನು ಹುಡುಕುವುದೇ ಕೆಲವೊಮ್ಮೆ ಕಷ್ಟ. ಸ್ಟ್ರಿಪ್‌ನಲ್ಲಿ ಸಾಮಾನ್ಯವಾಗಿ ಒಂದು ತುದಿಯಲ್ಲಿರುತ್ತದೆ. ಶಾಯಿಯಿಲ್ಲದೆ ಬರೀ ಒತ್ತಿದ ಅಕ್ಷರಗಳಾಗಿದ್ದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಂಕಿಗಳು ಎದ್ದು ಕಾಣುತ್ತವೆ. ಮುಲಾಮಿನ ಟ್ಯೂಬಿನಲ್ಲಿ ಬುಡದ ಮಡಿಕೆಯ ಮೇಲೆ ನೋಡಿ. ಕೆಳಗಿನಿಂದ ಸುರುಳಿ ಸುತ್ತುತ್ತಾ ಹಿಂಡುವ ಮನೆಗಳಲ್ಲಿ ದಿನಾಂಕವೂ ಆ ಸುರುಳಿಯೊಳಗೆ ಸೇರಿಹೋಗಿರುತ್ತದೆ. ಕಣ್ಣಿನ ಹನಿಯ ಬಾಟಲಿಯ ಮೇಲಿನ ಅಕ್ಷರ ಬಹಳ ಸಣ್ಣದು. ಅದರ ರಟ್ಟಿನ ಪೆಟ್ಟಿಗೆಯನ್ನು ಎಸೆಯದೆ ಬಾಟಲಿಯನ್ನು ಅದರಲ್ಲೇ ಇಟ್ಟರೆ ತೊಂದರೆ ತಪ್ಪುತ್ತದೆ.

ಆ ದಿನಾಂಕದವರೆಗೆ ಔಷಧಿ ಖಂಡಿತ ಚೆನ್ನಾಗಿರುತ್ತದೆಯೇ?

ಎರಡು ಷರತ್ತುಗಳ ಮೇಲೆ ಮಾತ್ರ. ಸೀಲ್ ಒಡೆದಿರಬಾರದು, ಮತ್ತು ಪೊಟ್ಟಣದ ಮೇಲೆ ಬರೆದ ತಾಪಮಾನದಲ್ಲಿ ಇಟ್ಟಿರಬೇಕು. ಹಾಗಾಗಿ ಪಟ್ಟಿ ಮಾಡುವಾಗ ಮುದ್ರಿತ ದಿನಾಂಕವೊಂದನ್ನೇ ಬರೆದುಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ. ತೆರೆದ ದಿನ ಯಾವುದು, ಎಲ್ಲಿ ಇಟ್ಟಿದ್ದರು ಎಂಬುದೂ ಗೊತ್ತಿರಬೇಕು.

ತೆರೆದ ಮೇಲೆ ಆಯುಷ್ಯ ಕುಗ್ಗುವ ಔಷಧಿಗಳಲ್ಲಿ ಮೂರನ್ನು ಎಲ್ಲರೂ ತಿಳಿದಿರಬೇಕು. ಕಣ್ಣಿನ ಹನಿಯನ್ನು ತೆರೆದ ಸುಮಾರು ನಾಲ್ಕು ವಾರಗಳ ನಂತರ ಬಳಸಬಾರದು. ಮೂತಿ ರೆಪ್ಪೆಗೆ, ಬೆರಳಿಗೆ ತಾಗಿ ಒಳಗೆ ಸೂಕ್ಷ್ಮಜೀವಿ ಸೇರಿರುತ್ತದೆ, ಅದು ಹೊರಗಿನಿಂದ ಕಾಣುವುದಿಲ್ಲ. ಮಕ್ಕಳಿಗೆ ಕೊಡುವ, ಪುಡಿಗೆ ನೀರು ಬೆರೆಸಿ ತಯಾರಿಸುವ ಆಂಟಿಬಯೋಟಿಕ್ ಸಿರಪ್ ಬೆರೆಸಿದ ಮೇಲೆ ಸಾಮಾನ್ಯವಾಗಿ ಏಳು ದಿನ ಮಾತ್ರ ಬಾಳುತ್ತದೆ. ಕೆಲವಕ್ಕೆ ಬೇರೆ ಲೆಕ್ಕವಿದೆ, ಅದು ಲೇಬಲ್ ಮೇಲೆಯೇ ಇರುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿ ಅಥವಾ ಪೆನ್ ಹೆಚ್ಚಿನ ಬಗೆಗಳಲ್ಲಿ 28 ದಿನ. ಬಗೆಯಿಂದ ಬಗೆಗೆ ಇದೂ ಬದಲಾಗುವುದರಿಂದ ಒಳಗಿನ ಚೀಟಿಯನ್ನು ಒಮ್ಮೆ ಓದಿ.

ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರು. ಅದರಲ್ಲಿ ದಿನಾಂಕವೇ ಇಲ್ಲ. ಏನು ಮಾಡುವುದು?

ಬಿಲ್ ಹುಡುಕಿ. ಬಿಲ್‌ನಲ್ಲಿ ಔಷಧಿಯ ಹೆಸರಿನ ಪಕ್ಕದಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಸಾಮಾನ್ಯವಾಗಿ ಇರುತ್ತದೆ. ಮನೆಯಲ್ಲಿ ಅದೇ ಗುಳಿಗೆಯ ಬೇರೊಂದು ಸ್ಟ್ರಿಪ್ ಇದೆ ಎಂದು ಅದರ ದಿನಾಂಕವನ್ನು ಇದಕ್ಕೆ ಅಂಟಿಸಬೇಡಿ, ಬ್ಯಾಚ್ ಬೇರೆಯಾದರೆ ದಿನಾಂಕವೂ ಬೇರೆ. ಬಿಲ್ಲೂ ಇಲ್ಲ, ದಿನಾಂಕವೂ ಇಲ್ಲ ಎಂದಾದರೆ ಎಸೆಯುವುದೇ ಸರಿ. ನಾಲ್ಕು ಗುಳಿಗೆಯ ಬೆಲೆಗೆ ಅಷ್ಟು ಯೋಚಿಸುವ ಅಗತ್ಯವಿಲ್ಲ.

ಮುಂದಿನ ಸಲ ಕೊಳ್ಳುವಾಗ ಕೌಂಟರ್‌ನಲ್ಲೇ ಪೆನ್ನು ಕೇಳಿ, ತುಂಡಿನ ಹಿಂದೆ ತಿಂಗಳು ಮತ್ತು ವರ್ಷ ಬರೆಸಿಕೊಳ್ಳಿ. ಬರೆದುಕೊಡಲು ಮುಖ ಸಿಂಡರಿಸುವ ಅಂಗಡಿಯವರೂ ಇದ್ದಾರೆ. ಕೇಳುವುದು ನಿಮ್ಮ ಹಕ್ಕು. ನೀವೇ ಸ್ಟ್ರಿಪ್ ಕತ್ತರಿಸುವುದಿದ್ದರೆ ದಿನಾಂಕವಿಲ್ಲದ ತುದಿಯಿಂದ ಶುರುಮಾಡಿ.

ಪಟ್ಟಿಯನ್ನು ಹೇಗೆ ಬರೆಯುವುದು? ಒಂದು ಉದಾಹರಣೆ ಕೊಡಿ.

ಒಂದು ನೋಟ್‌ಬುಕ್ಕಿನ ಪುಟ ಸಾಕು. ಒಂದು ಮನೆಯ ಡಬ್ಬಿಯನ್ನು ನಾನು ಅವರ ಸೊಸೆಯ ಜೊತೆ ಕುಳಿತು ನೋಡಿದ್ದನ್ನೇ ಇಲ್ಲಿ ಕೊಡುತ್ತೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಆಯಿ, ಒಮ್ಮೆ ಹೃದಯದ ತೊಂದರೆಯಾಗಿದ್ದ ಮುತ್ಯಾ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಇದ್ದಾರೆ. ಪಟ್ಟಿ ಮಾಡಿದ್ದು 2026ರ ಮಾರ್ಚ್ 29ರಂದು.

| ಔಷಧಿ | ಮುದ್ರಿತ ಅವಧಿ | ತೆರೆದ ದಿನ | ತೀರ್ಮಾನ |
|---|---|---|---|
| ಪ್ಯಾರಾಸಿಟಮಾಲ್ 500, ಆರು ಗುಳಿಗೆ | 11/2027 | – | ಇರಲಿ |
| ಪ್ಯಾರಾಸಿಟಮಾಲ್ 650, ಕತ್ತರಿಸಿದ ತುಂಡು | ಇಲ್ಲ | – | ಎಸೆಯಿರಿ |
| ಮಗುವಿನ ಪ್ಯಾರಾಸಿಟಮಾಲ್ ಹನಿ | 08/2027 | ಗೊತ್ತಿಲ್ಲ | ಎಸೆಯಿರಿ |
| ಆಂಟಿಬಯೋಟಿಕ್ ಸಿರಪ್, ಅರ್ಧ ಬಾಟಲಿ | 09/2026 | ಜನವರಿ | ಎಸೆಯಿರಿ |
| ಕಣ್ಣಿನ ಹನಿ | 03/2027 | ಫೆಬ್ರವರಿ 15 | ಎಸೆಯಿರಿ |
| ಇನ್ಸುಲಿನ್, ಬಳಕೆಯ ಬಾಟಲಿ | 01/2027 | ಮಾರ್ಚ್ 8 | ಏಪ್ರಿಲ್ 5ರವರೆಗೆ |
| ಪೊವಿಡೋನ್ ಅಯೋಡಿನ್ ಮುಲಾಮು | 02/2026 | ಗೊತ್ತಿಲ್ಲ | ಎಸೆಯಿರಿ |
| ಒಆರ್‌ಎಸ್, ಎರಡು ಪೊಟ್ಟಣ | 04/2026 | – | ಒಂದನ್ನು ಎಸೆಯಿರಿ, ಹೊಸದು ತನ್ನಿ |
| ಎದೆನೋವಿಗೆ ನಾಲಿಗೆಯ ಕೆಳಗಿಡುವ ಗುಳಿಗೆ | 03/2026 | – | ಮೊದಲು ಹೊಸದು ತನ್ನಿ |
| ಬಿ.ಪಿ.ಯ ಹಳೆಯ ಗುಳಿಗೆ, ಒಂದು ಪೂರ್ತಿ ಸ್ಟ್ರಿಪ್ | 12/2026 | – | ಡಬ್ಬಿಯಿಂದ ಹೊರಗೆ |

ಮುದ್ರಿತ ದಿನಾಂಕವನ್ನಷ್ಟೇ ನೋಡಿದ್ದರೆ ಇದರಲ್ಲಿ ಹೊರಗೆ ಹೋಗುತ್ತಿದ್ದುದು ಮುಲಾಮು ಒಂದೇ. ಉಳಿದವುಗಳಿಗೆ ಬೇರೆ ಕಾರಣಗಳಿವೆ.

ಆಂಟಿಬಯೋಟಿಕ್ ಸಿರಪ್ ಬಗ್ಗೆ ಸೊಸೆ, ‘ಅಣ್ಣಾ, ಸೆಪ್ಟೆಂಬರ್‌ವರೆಗೆ ಡೇಟ್ ಇದೆಯಲ್ಲ’ ಎಂದರು. ಆ ಸೆಪ್ಟೆಂಬರ್ ಬಾಟಲಿಯೊಳಗಿನ ಒಣ ಪುಡಿಗೆ ಸೇರಿದ್ದು. ಜನವರಿಯಲ್ಲಿ ನೀರು ಬೆರೆಸಿದ ಕ್ಷಣದಿಂದ ಬೇರೆ ಲೆಕ್ಕ ಶುರುವಾಗಿ ಒಂದು ವಾರದಲ್ಲಿ ಮುಗಿದಿತ್ತು. ಅರ್ಧ ಬಾಟಲಿ ಉಳಿದದ್ದನ್ನು ಮುಂದಿನ ಕೆಮ್ಮಿಗೆ ಕೊಡೋಣ ಎಂಬ ಯೋಚನೆಯೇ ತಪ್ಪು. ಶಕ್ತಿಗುಂದಿದ ಆಂಟಿಬಯೋಟಿಕ್‌ನಿಂದ ರೋಗ ವಾಸಿಯಾಗುವುದಿಲ್ಲ, ರೋಗಾಣು ಮಾತ್ರ ಗಟ್ಟಿಯಾಗುತ್ತದೆ.

ಪ್ಯಾರಾಸಿಟಮಾಲ್ ಹನಿಯ ಅವಧಿ ಇನ್ನೂ ಇತ್ತು. ಆದರೆ ಹನಿಯ ಔಷಧಿ ಕೈಕೂಸುಗಳಿಗೆ ತಯಾರಿಸಿದ್ದು, ಹಾಗಾಗಿ ಗಾಢವಾಗಿರುತ್ತದೆ. ಸಾಮಾನ್ಯವಾಗಿ 1 ಮಿ.ಲೀ. ಹನಿಯಲ್ಲಿ 100 ಮಿ.ಗ್ರಾಂ. ಔಷಧಿ. ಮಗುವಿಗೆ ಈಗ ಕೊಡುವ ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ., ಅಂದರೆ 1 ಮಿ.ಲೀ.ಗೆ 25. ರಾತ್ರಿ ಜ್ವರ ಬಂದಾಗ ಸಿರಪ್ ಎಂದುಕೊಂಡು ಹನಿಯ ಔಷಧಿಯನ್ನು ಒಂದು ಚಮಚ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಮಗು ಬೆಳೆದ ಮೇಲೆ ಹನಿಯ ಬಾಟಲಿ ಮನೆಯಲ್ಲಿರಬಾರದು. ಸಿರಪ್‌ನಲ್ಲೂ 250ರದು ಸಿಗುತ್ತದೆ. ಪಟ್ಟಿಯಲ್ಲಿ ‘ಜ್ವರದ ಔಷಧಿ’ ಎಂದು ಬರೆಯದೆ ಅಂಕಿಯನ್ನೂ ಬರೆಯಿರಿ.

ಬಿ.ಪಿ. ಗುಳಿಗೆಯನ್ನು ವೈದ್ಯರು ಬದಲಾಯಿಸಿದ್ದರು. ಹಳೆಯ ಸ್ಟ್ರಿಪ್ ಹೊಸದರ ಪಕ್ಕದಲ್ಲೇ ಇದ್ದರೆ ಆಯಿ ಎರಡನ್ನೂ ನುಂಗುವ ಸಾಧ್ಯತೆ ಇದೆ. ಅದನ್ನು ಅವತ್ತೇ ಬೇರೆ ಲಕೋಟೆಗೆ ಹಾಕಿ, ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ, ಬೇಡವೆಂದರೆ ವಿಲೇವಾರಿ ಮಾಡಬೇಕು. ಪಕ್ಕದ ಮನೆಯವರಿಗೂ ಬಿ.ಪಿ. ಇದೆ ಎಂದು ಅವರಿಗೆ ಕೊಡುವಂತಿಲ್ಲ.

ಮುತ್ಯಾನ ಗುಳಿಗೆಯದು ಎಲ್ಲಕ್ಕಿಂತ ಸೂಕ್ಷ್ಮ. ಎರಡು ದಿನದಲ್ಲಿ ಅವಧಿ ಮುಗಿಯುತ್ತದೆ ಎಂದು ಅದನ್ನು ಎಸೆದು, ಹೊಸದನ್ನು ತರಲು ಮರೆತರೆ, ನಡುವೆ ಬರುವ ರಾತ್ರಿಗೆ ಮನೆಯಲ್ಲಿ ಏನೂ ಇರುವುದಿಲ್ಲ. ತುರ್ತು ಔಷಧಿಯ ವಿಷಯದಲ್ಲಿ ಕ್ರಮ ತಿರುಗುಮುರುಗು: ಮೊದಲು ಹೊಸದು ಬರಬೇಕು, ಆಮೇಲೆ ಹಳೆಯದು ಹೋಗಬೇಕು. ಅವರು ಹೊಸ ಚೀಟಿಗಾಗಿ ವೈದ್ಯರ ಬಳಿ ಹೋಗಿ, ಮರುದಿನವೇ ತಂದಿಟ್ಟರು.

ನಮ್ಮ ಊರಿನ ಬಿಸಿಲಿಗೆ ಔಷಧಿ ಕೆಡುತ್ತದೆಯೇ?

ಕೆಡುತ್ತದೆ. ಎಷ್ಟೋ ಪೊಟ್ಟಣಗಳ ಮೇಲೆ ‘30 ಡಿಗ್ರಿಗಿಂತ ಕಡಿಮೆ ತಾಪಮಾನದಲ್ಲಿಡಿ’ ಅಥವಾ ‘25 ಡಿಗ್ರಿಗಿಂತ ಕಡಿಮೆ’ ಎಂದಿರುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮನೆಯೊಳಗೆ ಮಧ್ಯಾಹ್ನದ ಸ್ಥಿತಿ ಇನ್ನೂ ಕಠಿಣ. ಬೈಕಿನ ಡಿಕ್ಕಿ, ಕಾರಿನ ಮುಂದಿನ ಖಾನೆ, ಒಲೆಯ ಮೇಲಿನ ಹಲಗೆ, ಫ್ರಿಜ್‌ನ ತಲೆಯ ಮೇಲಿನ ಜಾಗ, ಇವು ಯಾವುವೂ ಔಷಧಿ ಇಡುವ ಸ್ಥಳವಲ್ಲ. ಬಚ್ಚಲಿನ ಕಪಾಟಿನಲ್ಲಿ ಆವಿಯ ಕಾಟ. ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಯಿದ್ದರೆ ಬಿಸಿಲು ತಾಗದ ಒಳಕೋಣೆಯ ಗೋಡೆಯ ಗೂಡು ಒಳ್ಳೆಯದು. ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿದ್ದು, ಅದಕ್ಕೆ ಬಾಗಿಲೂ ಇರಬೇಕು.

ಕೆಟ್ಟದ್ದಕ್ಕೆ ಕೆಲವು ಗುರುತುಗಳಿವೆ. ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗುಳಿಗೆಯ ಮೇಲೆ ಕಲೆ ಬೀಳುತ್ತದೆ, ಅಂಚು ಪುಡಿಯಾಗುತ್ತದೆ. ಆಸ್ಪಿರಿನ್ ತೇವ ತಾಗಿ ಒಡೆದರೆ ಅಸಿಟಿಕ್ ಆಮ್ಲ ಬಿಡುಗಡೆಯಾಗಿ, ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಒಆರ್‌ಎಸ್ ಪುಡಿ ಗಂಟುಕಟ್ಟಿ ಬಣ್ಣ ಬದಲಾಗುತ್ತದೆ; ಮೇಲಿನ ಪಟ್ಟಿಯ ಎರಡು ಪೊಟ್ಟಣಗಳಲ್ಲಿ ಒಂದು ಹಾಗೆಯೇ ಆಗಿತ್ತು. ಆದರೆ ಗುರುತು ಕಾಣದಿದ್ದರೆ ಔಷಧಿ ಸರಿಯಾಗಿದೆ ಎಂದು ಹೇಳಲಾಗದು. ಶಕ್ತಿ ಕುಂದುವುದು ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಎಲ್ಲವನ್ನೂ ಫ್ರಿಜ್‌ನಲ್ಲಿ ಇಟ್ಟುಬಿಡೋಣವೇ?

ಬೇಡ. ಗುಳಿಗೆಗಳಿಗೆ ಫ್ರಿಜ್‌ನ ತೇವ ಒಳ್ಳೆಯದಲ್ಲ. ಲೇಬಲ್ ಮೇಲೆ ‘2ರಿಂದ 8 ಡಿಗ್ರಿ’ ಎಂದು ಬರೆದಿರುವುದನ್ನು ಮಾತ್ರ ಇಡಿ.

ಇನ್ಸುಲಿನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೀಲ್ ಒಡೆಯದ ಬಾಟಲಿಗಳು ಫ್ರಿಜ್‌ನ ನಡುವಿನ ಹಲಗೆಯ ಮೇಲೆ ಇರಲಿ. ಬಾಗಿಲಿನ ಖಾನೆಯಲ್ಲಿ ತೆರೆದಾಗಲೆಲ್ಲ ಬಿಸಿಗಾಳಿ ತಾಗುತ್ತದೆ. ಮೇಲಿನ ಮಂಜಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆಯೇ ಕಂಡರೂ ಅದನ್ನು ಎಸೆಯಬೇಕು. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ ಅದು ಕೆಟ್ಟಿದೆ. ಹಾಲಿನಂತಿರುವ ಬಗೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದ ಮೇಲೂ ಗಂಟು ಉಳಿದರೆ ಅದೂ ಕೆಟ್ಟಿದೆ. ಊಟ, ಡೋಸ್ ಎಲ್ಲ ಎಂದಿನಂತೆಯೇ ಇದ್ದು ಸಕ್ಕರೆ ಮಾತ್ರ ಏರುತ್ತಿದ್ದರೆ ಬಾಟಲಿಯ ಮೇಲೆ ಸಂಶಯಪಡಿ, ವೈದ್ಯರಿಗೂ ತಿಳಿಸಿ.

ಫ್ರಿಜ್ ಇಲ್ಲದ ಅಥವಾ ಕರೆಂಟ್ ಪದೇ ಪದೇ ಹೋಗುವ ಹಳ್ಳಿಗಳಲ್ಲಿ ಗಡಿಗೆಯ ಉಪಾಯ ನಡೆಯುತ್ತದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದನ್ನಿಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆರಡು ಸಲ ನೆನೆಸಿ. ಬಾಟಲಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಡಿಗೆಯಲ್ಲಿಡಿ, ನೀರು ತಾಗಬಾರದು. ನಮ್ಮ ಒಣ ಗಾಳಿಗೆ ಇದು ಚೆನ್ನಾಗಿ ತಂಪಾಗುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟಾಗಿ ಅಲ್ಲ. ಆದರೆ ಗಡಿಗೆ ಫ್ರಿಜ್‌ನಷ್ಟು ತಂಪು ಕೊಡುವುದಿಲ್ಲ. ಬಳಕೆಯಲ್ಲಿರುವ ಒಂದು ಬಾಟಲಿಗೆ ಸಾಕು, ಮೂರು ತಿಂಗಳ ದಾಸ್ತಾನಿಗೆ ಸಾಲದು.

ಡೇಟ್ ಬಾರ್ ಆದ ಗುಳಿಗೆ ವಿಷವಾಗುತ್ತದೆಯೇ? ಒಂದು ತಿಂಗಳು ಮೀರಿದ್ದನ್ನು ನುಂಗಿಬಿಟ್ಟಿದ್ದೇವೆ.

ಹೆಚ್ಚಿನ ಗುಳಿಗೆಗಳು ವಿಷವಾಗುವುದಿಲ್ಲ, ಗಾಬರಿ ಬೇಡ. ಮೈಯಲ್ಲಿ ಏನಾದರೂ ಬದಲಾವಣೆ ಕಂಡರೆ ವೈದ್ಯರಿಗೆ ತೋರಿಸಿ. ಅಮೆರಿಕದ ಸೇನೆಯ ದಾಸ್ತಾನಿನ ಔಷಧಿಗಳನ್ನು 1986ರಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಅನೇಕ ಔಷಧಿಗಳು ಅವಧಿಯ ನಂತರವೂ ವರ್ಷಗಟ್ಟಲೆ ಸರಿಯಾಗಿದ್ದವು. ಈ ಸುದ್ದಿಯನ್ನು ಮೊಬೈಲ್‌ನಲ್ಲಿ ತೋರಿಸಿ ವಾದಿಸುವವರು ನನ್ನ ಅಂಗಡಿಗೂ ಬರುತ್ತಾರೆ. ಆ ಔಷಧಿಗಳು ಸೀಲ್ ಒಡೆಯದೆ, ತಾಪಮಾನ ಕಾಯ್ದ ಗೋದಾಮಿನಲ್ಲಿದ್ದವು. ತಗಡಿನ ಕೆಳಗೆ ಎರಡು ಬೇಸಿಗೆ ಕಳೆದ ನಿಮ್ಮ ಸ್ಟ್ರಿಪ್‌ಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ.

ಶಕ್ತಿ ಸ್ವಲ್ಪ ಕುಂದಿದರೂ ಪ್ರಾಣಕ್ಕೆ ಸಂಚಕಾರವಾಗುವ ಔಷಧಿಗಳಲ್ಲಿ ಒಂದು ದಿನದ ರಿಯಾಯಿತಿಯೂ ಬೇಡ: ಇನ್ಸುಲಿನ್, ಎದೆನೋವಿನ ಗುಳಿಗೆ, ಮೂರ್ಛೆರೋಗದ ಗುಳಿಗೆ. ಕಣ್ಣಿನ ಹನಿಯಲ್ಲೂ ಇಲ್ಲ, ಅಲ್ಲಿ ಅಪಾಯ ಸೋಂಕಿನದು.

ಎಸೆಯುವುದು ಎಲ್ಲಿ, ಹೇಗೆ?

ಸುಡಬೇಡಿ, ಬಾವಿಗೋ ಹಳ್ಳಕ್ಕೋ ಸುರಿಯಬೇಡಿ, ಬಯಲಿನ ತಿಪ್ಪೆಗೆ ಹಾಗೆಯೇ ಹಾಕಬೇಡಿ. ತಿಪ್ಪೆ ಕೆದಕುವ ದನ, ಆಡು, ನಾಯಿಗಳು ನಮ್ಮ ಬೀದಿಗಳಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು.

2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಅವಧಿ ಮೀರಿದ ಔಷಧಿ, ಬಳಸಿದ ಸೂಜಿ, ಒಡೆದ ಪಾದರಸದ ಥರ್ಮಾಮೀಟರ್‌ಗಳನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿದ್ದವು. ಹಸಿ ಕಸ, ಒಣ ಕಸದ ಜೊತೆ ಸೇರಿಸದೆ ಬೇರೆ ಚೀಲದಲ್ಲಿ ಕಸದ ಗಾಡಿಯವರಿಗೆ ‘ಇದು ಔಷಧಿ’ ಎಂದು ಹೇಳಿ ಕೊಡಬೇಕು. ಗುಳಿಗೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಸಿರಪ್ ಇದ್ದರೆ ಅದನ್ನೂ ಸೇರಿಸಿ, ಬಳಸಿದ ಚಹಾಪುಡಿ ಅಥವಾ ಮಣ್ಣಿನೊಂದಿಗೆ ಕಲಸಿ, ಗಟ್ಟಿಯಾಗಿ ಕಟ್ಟಿಬಿಡಿ. ಆಗ ಯಾರೂ ಅದನ್ನು ಆರಿಸಿ ಮತ್ತೆ ಬಳಸಲಾರರು. ಖಾಲಿ ಬಾಟಲಿಯ ಲೇಬಲ್ ಹರಿದುಹಾಕಿ. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಸಂಗ್ರಹಿಸಿ, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ಬರೆದು ಕೊಡಿ. ಗಾಡಿ ಬಾರದ ಹಳ್ಳಿಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಆಸ್ಪತ್ರೆಯ ತ್ಯಾಜ್ಯಕ್ಕೆ ಅವರಲ್ಲಿ ಬೇರೆ ವ್ಯವಸ್ಥೆ ಇರುತ್ತದೆ.

ಔಷಧಿಯನ್ನು ಶೌಚಾಲಯಕ್ಕೂ ಹಾಕಬಾರದು, ಆದರೆ ಇದಕ್ಕೆ ಒಂದು ಅಪವಾದವಿದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 17 ಔಷಧಿಗಳನ್ನು ನೀರಿನೊಂದಿಗೆ ಶೌಚಾಲಯಕ್ಕೆ ಹರಿಸಬೇಕು ಎಂದಿದೆ. ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್, ಮಾರ್ಫಿನ್, ಫೆಂಟನಿಲ್ ಅವುಗಳಲ್ಲಿ ಸೇರಿವೆ. ಬೇರೆಯವರು ಒಂದು ಗುಳಿಗೆ ನುಂಗಿದರೂ ಅಪಾಯ, ಚಟಕ್ಕೆ ಬಳಸುವವರೂ ಇದ್ದಾರೆ. ಅದಕ್ಕಾಗಿ ಈ ಅಪವಾದ. ಕ್ಯಾನ್ಸರ್ ರೋಗಿಯಿದ್ದ ಮನೆಗಳಲ್ಲಿ, ಶಸ್ತ್ರಚಿಕಿತ್ಸೆ ಆದವರ ಮನೆಗಳಲ್ಲಿ ಇವು ಉಳಿದಿರುತ್ತವೆ. ಉಳಿದ ಯಾವ ಔಷಧಿಗೂ ಈ ದಾರಿ ಬೇಡ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಪೂರ್ತಿ ಡಬ್ಬಿಯನ್ನು ವರ್ಷಕ್ಕೆರಡು ಸಲ. ಒಮ್ಮೆ ಫೆಬ್ರವರಿ ಕೊನೆಗೆ, ಅಂದರೆ ಯುಗಾದಿಯ ಸ್ವಚ್ಛತೆಗೂ ಬಿಸಿಲಿಗೂ ಮೊದಲು. ಇನ್ನೊಮ್ಮೆ ದಸರೆಯ ಹೊತ್ತಿಗೆ, ಬೇಸಿಗೆ ಮತ್ತು ಮಳೆಯ ತೇವ ಎರಡನ್ನೂ ಔಷಧಿ ಕಂಡ ಮೇಲೆ. ಇನ್ಸುಲಿನ್, ಕಣ್ಣಿನ ಹನಿ, ಬೆರೆಸಿದ ಸಿರಪ್‌ಗಳು ಈ ಲೆಕ್ಕಕ್ಕೆ ಕಾಯುವುದಿಲ್ಲ. ತೆರೆದ ದಿನವೇ ಬಾಟಲಿಗೆ ಬಿಳಿ ಟೇಪಿನ ತುಂಡು ಅಂಟಿಸಿ, ‘ತೆರೆದದ್ದು ಮಾರ್ಚ್ 8, ಎಸೆಯುವುದು ಏಪ್ರಿಲ್ 5’ ಎಂದು ಕನ್ನಡದಲ್ಲಿ ಬರೆಯಿರಿ. ಅದೇ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿ, ಹಾಲಿನ ಲೆಕ್ಕ ಬರೆಯುವವರ ಕಣ್ಣಿಗೆ ದಿನವೂ ಬೀಳುತ್ತದೆ. ಇಂಗ್ಲಿಷ್ ಓದಲು ಬಾರದ ಆಯಿಗೂ ಟೇಪಿನ ಮೇಲಿನ ಬರಹ ಅರ್ಥವಾಗುತ್ತದೆ.

ಬದಲಿಗೆ ಏನು ತರಬೇಕು, ಎಷ್ಟು ತರಬೇಕು?

ಮೇಲಿನ ಮನೆಯವರು ಎದೆನೋವಿನ ಗುಳಿಗೆ, ಒಂದು ಇನ್ಸುಲಿನ್ ಬಾಟಲಿ, ಮಗುವಿಗೆ 125ರ ಪ್ಯಾರಾಸಿಟಮಾಲ್ ಸಿರಪ್, ಪೊವಿಡೋನ್ ಅಯೋಡಿನ್‌ನ ಚಿಕ್ಕ ಟ್ಯೂಬ್, ಒಆರ್‌ಎಸ್‌ನ ಆರು ಪೊಟ್ಟಣ ತಂದರು. ಮುಲಾಮಿನ ದೊಡ್ಡ ಟ್ಯೂಬ್ ಅಗ್ಗವೆನಿಸುತ್ತದೆ, ಆದರೆ ಮುಕ್ಕಾಲು ಭಾಗ ಕಸಕ್ಕೆ ಹೋಗುತ್ತದೆ. ಕಣ್ಣಿನ ಹನಿಯನ್ನೂ ಆಂಟಿಬಯೋಟಿಕ್ಕನ್ನೂ ಬದಲಿ ಪಟ್ಟಿಗೆ ಹಾಕಲಿಲ್ಲ. ಅವು ಕಾಯಿಲೆ ಬಂದಾಗ ವೈದ್ಯರು ಬರೆದುಕೊಟ್ಟರೆ ತರುವಂಥವು, ಕೂಡಿಡುವಂಥವಲ್ಲ.

ಒಆರ್‌ಎಸ್ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವುದನ್ನು ನೋಡಿ ತೆಗೆದುಕೊಳ್ಳಿ. ಅದೇ ಹೆಸರಿನ ನೆರಳಿನಲ್ಲಿ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕುವುದನ್ನು ನಿಷೇಧಿಸಿತು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಸಣ್ಣದಕ್ಕೆ 200 ಮಿ.ಲೀ.; ಯಾವುದಕ್ಕೆ ಎಷ್ಟು ಎಂದು ಓದಿಕೊಂಡು ಪೂರ್ತಿ ಪೊಟ್ಟಣವನ್ನು ಒಮ್ಮೆಲೇ ಕದಡಿ. ಕದಡಿದ್ದು 24 ಗಂಟೆ ಮಾತ್ರ.

ಮಕ್ಕಳಿರುವ ಮನೆಗೆ ನಿಮೆಸುಲೈಡ್ ಒಯ್ಯಬೇಡಿ. 12 ವರ್ಷದೊಳಗಿನವರಿಗೆ ಅದು ನಮ್ಮ ದೇಶದಲ್ಲಿ 2011ರಿಂದ ನಿಷಿದ್ಧ. ನಾಲ್ಕು ವರ್ಷದೊಳಗಿನ ಮಗುವಿಗೆ ಶೀತ, ಕೆಮ್ಮಿನ ಸಿರಪ್ ಅನ್ನು ನೀವಾಗಿಯೇ ಕೊಳ್ಳಬೇಡಿ.

ದುಬೈಯಿಂದ, ಅಮೆರಿಕದಿಂದ ನೆಂಟರು ತಂದ ಔಷಧಿಯ ದಿನಾಂಕ ಓದುವುದು ಹೇಗೆ?

05/06/27 ಎಂದಿದ್ದರೆ ಅಮೆರಿಕದಲ್ಲಿ ಅದು ಮೇ 6, ಬೇರೆ ಕಡೆ ಜೂನ್ 5. ಸಂಶಯವಿದ್ದರೆ ಎರಡರಲ್ಲಿ ಮೊದಲು ಬರುವ ದಿನವನ್ನೇ ಪಟ್ಟಿಯಲ್ಲಿ ಬರೆಯಿರಿ. ದಿನ ಮುದ್ರಿಸಿದ್ದರೆ ತಿಂಗಳ ಕೊನೆಯ ಲೆಕ್ಕ ಅನ್ವಯಿಸುವುದಿಲ್ಲ, ಆ ದಿನಕ್ಕೇ ಮುಗಿಯಿತು. ದೊಡ್ಡ ಬಾಟಲಿಯಲ್ಲಿ ನೂರಾರು ಬಿಡಿ ಗುಳಿಗೆಗಳು ಬಂದಿದ್ದರೆ ಅವನ್ನು ಬೇರೆ ಡಬ್ಬಿಗೆ ಸುರಿಯದೆ ಅದೇ ಬಾಟಲಿಯಲ್ಲಿಡಿ, ಒಳಗಿರುವ ತೇವ ಹೀರುವ ಸಣ್ಣ ಪೊಟ್ಟಣವನ್ನು ತೆಗೆಯಬೇಡಿ. ಯಾವ ಔಷಧಿ ಎಂಬುದು ಓದಿದರೂ ತಿಳಿಯದಿದ್ದರೆ ಬಾಟಲಿಯನ್ನೇ ಅಂಗಡಿಗೆ ತನ್ನಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಮನೆಯಲ್ಲಿ ಈಗಾಗಲೇ ಇರುವುದೇ ಆಗಿರಬಹುದು.